ಎಂಟರಿಂದ ನಾಲ್ಕರವರೆಗಿನ ಪಾಳಿಯಲ್ಲಿ ರಾತ್ರಿ ಎಷ್ಟು ತಾಸು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪಗಾರದ ಪ್ರಶ್ನೆಗಳೇ ಹೆಚ್ಚು. ಅವುಗಳಲ್ಲಿ ಮತ್ತೆ ಮತ್ತೆ ಬರುವುದು ಒಂದೇ ತಕರಾರು. ‘ರಾತ್ರಿ ಎಂಟಕ್ಕೆ ಡ್ಯೂಟಿ ಹತ್ತುತ್ತೇನೆ, ಬೆಳಗಿನ ಜಾವ ನಾಲ್ಕಕ್ಕೆ ಇಳಿಯುತ್ತೇನೆ. ಎಂಟೂ ತಾಸಿಗೆ ನೈಟ್ ಅಲೋಯನ್ಸ್ ಬರಬೇಕಲ್ಲವೇ? ಆಫೀಸಿನವರು ಆರೇ ತಾಸು ಹಿಡಿದಿದ್ದಾರೆ.’ ಇನ್ನೊಬ್ಬರದು ಸಂಜೆ ಆರರಿಂದ ನಸುಕಿನ ಎರಡರವರೆಗಿನ ಪಾಳಿ. ಅವರಿಗೆ ಏನೂ ಬಂದಿಲ್ಲ. ‘ನಿಮ್ಮದು ಸಂಜೆ ಪಾಳಿ, ನೈಟ್ ಅಲ್ಲ’ ಎಂದು ಹೇಳಿ ಕಳಿಸಿದ್ದಾರಂತೆ. ಮೊದಲನೆಯವರಿಗೆ ಸಿಕ್ಕ ಲೆಕ್ಕ ಸರಿಯಾಗಿದೆ. ಎರಡನೆಯವರು ಕೇಂದ್ರ ಸರ್ಕಾರದ ನಿಯಮಕ್ಕೆ ಒಳಪಟ್ಟ ನೌಕರರಾಗಿದ್ದರೆ ಅವರಿಗೆ ಅನ್ಯಾಯವಾಗಿದೆ. ಖಾಸಗಿ ಕಾರ್ಖಾನೆಯವರಾಗಿದ್ದರೆ ಉತ್ತರ ಬೇರೆ ಕಾಗದದಲ್ಲಿದೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಪಗಾರ ಬಿಲ್ಲಿನ ವಿಭಾಗದಲ್ಲಿ ಬಹಳ ವರ್ಷ ಕೂತವನು ನಾನು. ಎದುರಿಗೆ ಬಂದು ನಿಲ್ಲುತ್ತಿದ್ದವರಲ್ಲಿ ಹೆಚ್ಚಿನವರು ಮೋಸ ಹೋದವರೂ ಅಲ್ಲ, ಮೋಸ ಮಾಡಲು ಬಂದವರೂ ಅಲ್ಲ. ಪಾಳಿಗೆ ಒಂದು ಹೆಸರಿದೆ, ಆ ಹೆಸರಿಗೇ ದುಡ್ಡು ಬರುತ್ತದೆ ಎಂದು ನಂಬಿಕೊಂಡವರು. ‘ಸೆಕೆಂಡ್ ಶಿಫ್ಟ್’ ಎಂದರೆ ಭತ್ಯೆ ಇಲ್ಲ, ‘ನೈಟ್ ಶಿಫ್ಟ್’ ಎಂದರೆ ಪೂರ್ತಿ ಇದೆ ಎಂಬ ಎಣಿಕೆ. ಕೇಂದ್ರ ಸರ್ಕಾರದ ನಿಯಮ ಪಾಳಿಯ ಹೆಸರನ್ನು ಕೇಳುವುದೇ ಇಲ್ಲ, ಗಡಿಯಾರವನ್ನು ಮಾತ್ರ ನೋಡುತ್ತದೆ. ಏಳನೇ ವೇತನ ಆಯೋಗದ ನಂತರ ಸಿಬ್ಬಂದಿ ಮತ್ತು ತರಬೇತಿ ಇಲಾಖೆ 2020ರ ಜುಲೈ 13ರಂದು ಹೊರಡಿಸಿದ ಆದೇಶದ ಪ್ರಕಾರ ರಾತ್ರಿ ಡ್ಯೂಟಿ ಎಂದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾಡಿದ ಕೆಲಸ, ಅಷ್ಟೆ. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ರೈಲ್ವೆ ಮಂಡಳಿಯೂ ಇದನ್ನು ತನ್ನ ನೌಕರರಿಗೆ ಅನ್ವಯಿಸಿತು. ಹುಬ್ಬಳ್ಳಿ, ಮೈಸೂರು, ಬೆಂಗಳೂರು ಕಡೆಯಿಂದ ನನಗೆ ಬರೆಯುವವರಲ್ಲಿ ಹೆಚ್ಚಿನವರು ರೈಲ್ವೆಯವರೇ ಆದ್ದರಿಂದ ಅವರ ಲೆಕ್ಕವನ್ನೇ ಮೊದಲು ಬಿಡಿಸುತ್ತೇನೆ.

ಅರ್ಧ ಸಂಜೆಗೆ, ಅರ್ಧ ನಸುಕಿಗೆ ಚಾಚಿದ ಪಾಳಿಯಲ್ಲಿ ಜನ ಎಡವುವುದು ನಡುರಾತ್ರಿ 12ರ ಹತ್ತಿರ. ಅಲ್ಲಿ ಗಡಿಯಾರ ಸೊನ್ನೆಗೆ ಬಂದುಬಿಡುತ್ತದೆ. ನಾಲ್ಕರಿಂದ ಇಪ್ಪತ್ತನ್ನು ಕಳೆಯುವುದು ಹೇಗೆ? ಹಳೆಯ ಗುಮಾಸ್ತರು ಇದಕ್ಕೆ ಒಂದು ದಾರಿ ಹಾಕಿಕೊಂಡಿದ್ದರು, ನಾನೂ ಕೊನೆಯವರೆಗೆ ಅದನ್ನೇ ಅನುಸರಿಸಿದೆ. ನಡುರಾತ್ರಿ ದಾಟಿದ ಮೇಲೆ ಗಡಿಯಾರವನ್ನು ಸೊನ್ನೆಗೆ ತರಬೇಡಿ, ಎಣಿಕೆ ಮುಂದುವರಿಯಲಿ. ನಸುಕಿನ 1 ಗಂಟೆ 25 ಆಗಲಿ, 2 ಗಂಟೆ 26, 4 ಗಂಟೆ 28, ಬೆಳಿಗ್ಗೆ 6 ಗಂಟೆ 30. ಈಗ ರಾತ್ರಿ ಎಂದರೆ 22ರಿಂದ 30ರವರೆಗಿನ ಒಂದು ಪಟ್ಟಿ. ನಿಮ್ಮ ಪಾಳಿ 20ರಿಂದ 28ರವರೆಗಿನ ಇನ್ನೊಂದು ಪಟ್ಟಿ. ಒಂದರ ಮೇಲೊಂದು ಇಟ್ಟು ನೋಡಿ, ಎರಡೂ ಕೂಡಿದ ಭಾಗ 22ರಿಂದ 28. ಅಂದರೆ ಆರು ತಾಸು. ಶುರುವಿನ ಎರಡರಲ್ಲಿ ತಡವಾದದ್ದನ್ನು, ಮುಗಿಯುವ ಎರಡರಲ್ಲಿ ಮೊದಲಿನದನ್ನು ಹಿಡಿದು ಕಳೆದರೆ ಉತ್ತರ ಬಂತು. ಪಾಳಿ ನಡುರಾತ್ರಿ 12ಕ್ಕೆ ಅಥವಾ ಅದರ ನಂತರವೇ ಶುರುವಾದರೆ ಅದನ್ನೂ 24ರಿಂದಲೇ ಎಣಿಸಬೇಕು.

ಹೀಗೆ ನೋಡಿದರೆ ಕೆಲವು ಪಾಳಿಗಳ ನಿಜವಾದ ತೂಕ ತಿಳಿಯುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ಪಾಳಿಯವರಿಗೆ ಎಂಟೂ ತಾಸು ರಾತ್ರಿಯೇ. 12ರಿಂದ ಬೆಳಿಗ್ಗೆ 8ರವರೆಗೆ ನಿಂತವರು ‘ನಮ್ಮದು ಅಪ್ಪಟ ನೈಟ್’ ಎನ್ನುತ್ತಾರೆ, ಆದರೆ ಅವರಿಗೂ ನಮ್ಮ ಎಂಟರಿಂದ ನಾಲ್ಕರವರಿಗೂ ಸಿಗುವುದು ಒಂದೇ, ಆರಾರು ತಾಸು. ಸಂಜೆ 6ರಿಂದ ನಸುಕಿನ 2ರವರೆಗಿನ ಪಾಳಿಯಲ್ಲಿ ನಾಲ್ಕು ತಾಸು ಇದೆ. ಮಧ್ಯಾಹ್ನ 4ರಿಂದ ನಡುರಾತ್ರಿ 12ರವರೆಗಿನ ಪಾಳಿಯಲ್ಲೂ ಎರಡು ತಾಸು ರಾತ್ರಿಯದೇ. ‘ಸಂಜೆ ಪಾಳಿ’ ಎಂಬ ಹೆಸರಿನ ಕೆಳಗೆ ಮುಚ್ಚಿಹೋಗುವುದು ಈ ಎರಡು ತಾಸು. ಕೇಳುವವರೂ ಇಲ್ಲ, ಕೊಡುವವರೂ ಇಲ್ಲ.

ತಾಸು ಎಷ್ಟು ಎಂದು ತಿಳಿದ ಕೂಡಲೇ ದುಡ್ಡು ಎಷ್ಟು ಎಂದು ತಿಳಿಯುವುದಿಲ್ಲ. ಎರಡನೆಯ ಗೊಂದಲ ಹುಟ್ಟುವುದು ಇಲ್ಲಿ. ತಾಸಿನ ದರ 226 ರೂಪಾಯಿ ಎಂದು ಯಾರಾದರೂ ಹೇಳಿದರೆ, ಆರು ತಾಸಿಗೆ ಆರು ಪಟ್ಟು ಎಂದು ಗುಣಿಸಿ, ಒಂದು ರಾತ್ರಿಗೆ ಸಾವಿರದ ಮುನ್ನೂರು ಚಿಲ್ಲರೆ ಬರಬೇಕಿತ್ತೆಂದು ಜಗಳಕ್ಕೆ ಬರುವವರಿದ್ದಾರೆ. ಹಾಗಲ್ಲ. ಆ ಆರು ತಾಸಿನ ಪಗಾರ ನಿಮ್ಮ ತಿಂಗಳ ಪಗಾರದಲ್ಲಿ ಆಗಲೇ ಸೇರಿದೆ. ಭತ್ಯೆ ಕೊಡುವುದು ರಾತ್ರಿ ಎಂಬ ಕಾರಣಕ್ಕೆ ಸೇರಿಸುವ ಹೆಚ್ಚುವರಿ ತೂಕಕ್ಕೆ ಮಾತ್ರ. ಆದೇಶದ ಪ್ರಕಾರ ರಾತ್ರಿಯ ಪ್ರತಿ ತಾಸಿಗೆ 10 ನಿಮಿಷ ಹೆಚ್ಚು ಎಂದು ಹಿಡಿಯಬೇಕು. ಆರು ತಾಸು ದುಡಿದರೆ ಅರವತ್ತು ನಿಮಿಷ, ಅಂದರೆ ಒಂದು ತಾಸಿನ ದರ. ಎಂಟರಿಂದ ನಾಲ್ಕರ ಪಾಳಿಯವರಿಗೆ ಇದು ಅನುಕೂಲದ ಲೆಕ್ಕ. ಒಂದು ಪೂರ್ತಿ ರಾತ್ರಿ ಎಂದರೆ ಸರಿಯಾಗಿ ಒಂದು ತಾಸಿನ ದರ, ಬಾಯಿಲೆಕ್ಕದಲ್ಲೇ ಮುಗಿಯುತ್ತದೆ.

ಇನ್ನು ತಾಸಿನ ದರ. ಬೇಸಿಕ್‌ಗೆ ತುಟ್ಟಿಭತ್ಯೆ ಕೂಡಿಸಿ 200ರಿಂದ ಭಾಗಿಸಬೇಕು. ದಿನಕ್ಕೆ ಎಂಟು ತಾಸಿನಂತೆ 25 ದಿನ ಎಂದರೆ 200 ಆಗುತ್ತದೆ, ಹಾಗೆ ನೆನಪಿಟ್ಟುಕೊಳ್ಳಬಹುದು. ಒಬ್ಬ ಟೆಕ್ನಿಷಿಯನ್‌ನ ಬೇಸಿಕ್ 29,200 ಎಂದುಕೊಳ್ಳೋಣ, ಲೆವೆಲ್ 5ರ ಮೊದಲ ಮೆಟ್ಟಿಲು ಅದು. 2025ರ ಜನವರಿಯಿಂದ ಜೂನ್‌ವರೆಗೆ ತುಟ್ಟಿಭತ್ಯೆ 55 ಪರ್ಸೆಂಟ್ ಇತ್ತು. 29,200ಕ್ಕೆ ಅದು 16,060 ಆಗುತ್ತದೆ. ಕೂಡಿಸಿದರೆ 45,260. ಇದನ್ನು 200ರಿಂದ ಭಾಗಿಸಿದರೆ 226 ರೂಪಾಯಿ 30 ಪೈಸೆ. ಎಂಟರಿಂದ ನಾಲ್ಕರ ಒಂದು ರಾತ್ರಿಗೆ ಅವನಿಗೆ ಬರಬೇಕಾದ ಭತ್ಯೆ ಇಷ್ಟೇ. ಅದೇ ಮನುಷ್ಯ ಸಂಜೆ ಆರರಿಂದ ನಸುಕಿನ ಎರಡರವರೆಗೆ ದುಡಿದರೆ 40 ನಿಮಿಷದ ದರ, 150 ರೂಪಾಯಿ 87 ಪೈಸೆ. ಹಿಂದೆ ಒಂದು ಗ್ರೇಡ್ ಪೇ ಇದ್ದವರಿಗೆಲ್ಲ ಒಂದೇ ದರ ಎಂಬ ರೂಢಿ ಇತ್ತು. 2020ರ ಆದೇಶ ಅದನ್ನು ನಿಲ್ಲಿಸಿ, ಪ್ರತಿಯೊಬ್ಬರದನ್ನೂ ಅವರವರ ಬೇಸಿಕ್ ಮೇಲೆ ಬೇರೆಯಾಗಿ ಲೆಕ್ಕ ಹಾಕಬೇಕೆಂದಿತು. ಪಕ್ಕದವರ ಸ್ಲಿಪ್ಪಿನ ಅಂಕಿ ನಿಮ್ಮದಕ್ಕೆ ಹೊಂದದಿದ್ದರೆ ಗಾಬರಿ ಬೇಡ.

ಒಂದು ತಿಂಗಳ ಲೆಕ್ಕವನ್ನು ಪೂರ್ತಿಯಾಗಿ ಮಾಡಿ ನೋಡೋಣ, ಏಕೆಂದರೆ ಯಾವ ತಿಂಗಳೂ ರೋಸ್ಟರಿನಲ್ಲಿ ಬರೆದ ಹಾಗೆ ನಡೆಯುವುದಿಲ್ಲ. ನಮ್ಮ ಟೆಕ್ನಿಷಿಯನ್‌ಗೆ ಆ ತಿಂಗಳು ಎಂಟರಿಂದ ನಾಲ್ಕರ ಪಾಳಿ ಹದಿಮೂರು ರಾತ್ರಿ ಬಿದ್ದಿತ್ತು. ಒಂದು ರಾತ್ರಿ ರಜೆ ಹಾಕಿದ. ಒಂದು ರಾತ್ರಿ ಬದಲಿಯವನು ಬರದೆ ಬೆಳಿಗ್ಗೆ ಏಳರವರೆಗೆ ನಿಂತ. ಇನ್ನೊಂದು ರಾತ್ರಿ ಮನೆಯಿಂದ ಫೋನ್ ಬಂದು, ಅನುಮತಿ ಪಡೆದು ಹನ್ನೆರಡೂವರೆಗೆ ಹೊರಟ. ಉಳಿದ ಹತ್ತು ರಾತ್ರಿ ಯಥಾಪ್ರಕಾರ. ಹತ್ತು ರಾತ್ರಿಗೆ ಆರರಂತೆ 60 ತಾಸು. ಏಳರವರೆಗೆ ನಿಂತ ದಿನ ಹತ್ತರಿಂದ ಆರರವರೆಗಿನ ಎಂಟು ತಾಸು ಮಾತ್ರ ರಾತ್ರಿ ಲೆಕ್ಕಕ್ಕೆ, ಆರರಿಂದ ಏಳರ ಒಂದು ತಾಸು ಹಗಲಿನದು. ಪಾಳಿ ಮೀರಿ ನಿಂತ ಮೂರು ತಾಸಿಗೆ ಓವರ್‌ಟೈಮ್ ಬರುತ್ತದೆಯೋ ಇಲ್ಲವೋ ಎಂಬುದು ಬೇರೆಯೇ ಲೆಕ್ಕ, ಇದಕ್ಕೆ ಬೆರೆಸಬಾರದು. ಬೇಗ ಹೊರಟ ದಿನ ಎರಡೂವರೆ ತಾಸು. ರಜೆಯ ದಿನ ಸೊನ್ನೆ, ಏಕೆಂದರೆ ಆದೇಶ ಮಾತಾಡುವುದು ಮಾಡಿದ ಡ್ಯೂಟಿಯ ಬಗ್ಗೆ, ರೋಸ್ಟರಿನಲ್ಲಿ ಬರೆದ ಡ್ಯೂಟಿಯ ಬಗ್ಗೆ ಅಲ್ಲ. ಒಟ್ಟು ಎಪ್ಪತ್ತೂವರೆ ತಾಸು. ಹತ್ತು ನಿಮಿಷದಂತೆ 705 ನಿಮಿಷ, ಅಂದರೆ ಹನ್ನೊಂದು ಮುಕ್ಕಾಲು ತಾಸು. 226.30ರಿಂದ ಗುಣಿಸಿದರೆ 2,659 ರೂಪಾಯಿ.

ಇದೇ ತಿಂಗಳಿಗೆ ಪಾಳಿಯ ಎಂಟು ತಾಸನ್ನೂ ರಾತ್ರಿ ಎಂದು ಹಿಡಿದು ಹನ್ನೆರಡು ಹಾಜರಿಗೆ ಬಿಲ್ಲು ಮಾಡಿದರೆ 3,620 ದಾಟುತ್ತದೆ. ಕೈಗೆ ಹೆಚ್ಚು ಬಂತೆಂದು ಖುಷಿಪಡುವ ಹಾಗಿಲ್ಲ. ಆಡಿಟ್‌ನವರು ಬಂದಾಗ ಹಿಂದಿನ ತಿಂಗಳುಗಳದ್ದೆಲ್ಲ ಒಟ್ಟಿಗೆ ಮುರಿದುಕೊಳ್ಳುತ್ತಾರೆ, ಆಗ ಒಂದು ತಿಂಗಳ ಪಗಾರವೇ ಸೊರಗಿ ಹೋಗುತ್ತದೆ. ಹೆಚ್ಚು ಬಂದದ್ದನ್ನೂ ಕಡಿಮೆ ಬಂದಷ್ಟೇ ಬೇಗ ಕೇಳುವುದು ಒಳ್ಳೆಯದು.

ಕಡಿಮೆ ಬರುವುದು ಸಾಮಾನ್ಯವಾಗಿ ಅರ್ಧ ತಾಸುಗಳಲ್ಲಿ. ಎಂಟೂವರೆಗೆ ಹತ್ತಿ ನಾಲ್ಕೂವರೆಗೆ ಇಳಿಯುವ ಪಾಳಿ ಇದೆ ಎನ್ನಿ. ರಾತ್ರಿಯ ಭಾಗ ಆರೂವರೆ ತಾಸು, ತೂಕ 65 ನಿಮಿಷ. ಮಸ್ಟರು ತುಂಬುವವರು ಚಿಲ್ಲರೆ ಬೇಡವೆಂದು ಪ್ರತಿ ದಿನ ಆರು ಎಂದು ಬರೆದರೆ ರಾತ್ರಿಗೆ ಐದು ನಿಮಿಷ ಹೋಯಿತು. ಇಪ್ಪತ್ತು ರಾತ್ರಿಗೆ ನೂರು ನಿಮಿಷ. ನಮ್ಮ ಟೆಕ್ನಿಷಿಯನ್‌ನ ದರದಲ್ಲಿ 377 ರೂಪಾಯಿ. ನನ್ನ ಅಭಿಪ್ರಾಯ ಕೇಳಿದರೆ, ದಿನದ ಲೆಕ್ಕವನ್ನು ನಿಮಿಷದಲ್ಲೇ ಬರೆಯಬೇಕು, ತಿಂಗಳ ಕೊನೆಗೆ ಕೂಡಿಸಬೇಕು, ರೂಪಾಯಿಗೆ ಸರಿಹೊಂದಿಸುವುದಿದ್ದರೆ ಕಟ್ಟಕಡೆಗೆ ಒಂದೇ ಸಲ ಮಾಡಬೇಕು. ಪ್ರತಿ ದಿನ ಪೂರ್ಣಾಂಕ ಮಾಡುವ ಕಡೆಗಳಲ್ಲಿ ಪೆಟ್ಟು ಬೀಳುವುದು ಯಾವಾಗಲೂ ಒಂದೇ ಕಡೆಗೆ.

ನಡುರಾತ್ರಿ ದಾಟುವ ಪಾಳಿಗೆ ಇನ್ನೊಂದು ತೊಡಕು ಇದೆ, ಅದು ವರ್ಷಕ್ಕೆ ಎರಡೇ ಸಲ ಕಾಣಿಸುತ್ತದೆ. ಭತ್ಯೆಯನ್ನು ಡ್ಯೂಟಿ ಮಾಡಿದ ದಿನದಂದು ಇದ್ದ ಬೇಸಿಕ್ ಮೇಲೆ ಲೆಕ್ಕ ಹಾಕಬೇಕು ಎಂದು ಆದೇಶದಲ್ಲಿದೆ. ಜೂನ್ 30ರ ರಾತ್ರಿ ಎಂಟಕ್ಕೆ ಹತ್ತಿದವನು ಇಳಿಯುವುದು ಜುಲೈ 1ರ ನಸುಕಿನಲ್ಲಿ. ಆ ನಡುವೆ ಅವನ ಇನ್‌ಕ್ರಿಮೆಂಟ್ ಬಿದ್ದಿದೆ, 29,200 ಇದ್ದದ್ದು 30,100 ಆಗಿದೆ. ತುಟ್ಟಿಭತ್ಯೆಯೂ 2025ರ ಜುಲೈ 1ರಿಂದ 58 ಪರ್ಸೆಂಟ್ ಆಗಿದೆ. ಹತ್ತರಿಂದ ಹನ್ನೆರಡರವರೆಗಿನ ಎರಡು ತಾಸಿಗೆ ಹಳೆಯ ದರ, ಹನ್ನೆರಡರಿಂದ ನಾಲ್ಕರವರೆಗಿನ ನಾಲ್ಕು ತಾಸಿಗೆ ಹೊಸ ದರ 237.79 ಎಂದು ಒಡೆದರೆ 75.43 ಮತ್ತು 158.53, ಕೂಡಿದರೆ 233 ರೂಪಾಯಿ 96 ಪೈಸೆ. ಪೂರ್ತಿ ಹಳೆಯ ದರದಲ್ಲೇ ಕೊಟ್ಟರೆ ಏಳು ರೂಪಾಯಿ ಚಿಲ್ಲರೆ ಕಡಿಮೆ. ಈ ಏಳು ರೂಪಾಯಿಗಾಗಿ ಯಾರೂ ಅರ್ಜಿ ಹಾಕಬೇಕಾಗಿಲ್ಲ. ಒಂದು ಕಚೇರಿಯಲ್ಲಿ ಎಲ್ಲರಿಗೂ ಒಂದೇ ಪದ್ಧತಿ ಇದ್ದರೆ ಸಾಕು.

ಕೇಳಬೇಕಾದದ್ದು ಬೇರೆ ಇದೆ. ಜುಲೈ 1ರಿಂದ ಜಾರಿಯಾಗುವ ತುಟ್ಟಿಭತ್ಯೆ ಘೋಷಣೆಯಾಗುವುದು ಸಾಮಾನ್ಯವಾಗಿ ಹಬ್ಬದ ಹೊತ್ತಿಗೆ. ಅಷ್ಟರಲ್ಲಿ ಎರಡು ಮೂರು ತಿಂಗಳ ನೈಟ್ ಬಿಲ್ಲು ಹಳೆಯ ದರದಲ್ಲಿ ಹೋಗಿರುತ್ತದೆ. ಅರಿಯರ್ಸ್ ಬಂದಾಗ ಪಗಾರದ ಮೇಲಿನ ತುಟ್ಟಿಭತ್ಯೆ ತಾನಾಗಿ ಬರುತ್ತದೆ, ರಾತ್ರಿ ಭತ್ಯೆಯ ವ್ಯತ್ಯಾಸ ಮಾತ್ರ ಎಷ್ಟೋ ಸಲ ಹಿಂದೆ ಉಳಿದುಬಿಡುತ್ತದೆ. ಅರಿಯರ್ಸಿನ ಹಾಳೆಯಲ್ಲಿ ಅದಕ್ಕೊಂದು ಸಾಲು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಹೋಗಿ ಕೇಳಿ.

ಇನ್ನು ಬೇಸಿಕ್‌ನ ಮಿತಿ. 2020ರ ಆದೇಶ 43,600 ರೂಪಾಯಿ ಬೇಸಿಕ್‌ಗೆ ಗೆರೆ ಎಳೆಯಿತು, ಅದರ ಮೇಲಿನವರಿಗೆ ಭತ್ಯೆಯೇ ಇಲ್ಲ ಎಂದಿತು, ಅದೂ 2017ರ ಜುಲೈ 1ರಿಂದ ಪೂರ್ವಾನ್ವಯವಾಗಿ. ಸ್ಟೇಷನ್ ಮಾಸ್ತರರೂ ಅವರ ಸಂಘದವರೂ ಸುಮ್ಮನೆ ಪ್ರತಿಭಟಿಸಲಿಲ್ಲ, ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಸರಿಯಾಗಿ 43,600ರಲ್ಲಿ ಇರುವವರ ತಾಸಿನ ದರ 55 ಪರ್ಸೆಂಟ್ ತುಟ್ಟಿಭತ್ಯೆಯಲ್ಲಿ 337 ರೂಪಾಯಿ 90 ಪೈಸೆ. ಎಂಟರಿಂದ ನಾಲ್ಕರ ಪಾಳಿಯ ಒಂದು ರಾತ್ರಿಗೂ ಅಷ್ಟೇ. ಮುಂದಿನ ಇನ್‌ಕ್ರಿಮೆಂಟಿನಲ್ಲಿ ಬೇಸಿಕ್ 44,900 ಆಗುತ್ತದೆ, ತುಟ್ಟಿಭತ್ಯೆ ಸೇರಿ 2,015 ರೂಪಾಯಿ ಹೆಚ್ಚುತ್ತದೆ. ಆದರೆ ಗೆರೆ ದಾಟಿದ್ದರಿಂದ ರಾತ್ರಿ ಭತ್ಯೆ ಪೂರ್ತಿ ಹೋಗುತ್ತದೆ. ತಿಂಗಳಿಗೆ ಆರು ರಾತ್ರಿ ಇದ್ದವರು ಕಳೆದುಕೊಳ್ಳುವುದು 2,027. ಮನೆ ಬಾಡಿಗೆ ಭತ್ಯೆಯ ಅಲ್ಪಸ್ವಲ್ಪ ಏರಿಕೆ ಬಿಟ್ಟರೆ, ಹನ್ನೆರಡು ರಾತ್ರಿ ದುಡಿಯುವವರಿಗೆ ಇನ್‌ಕ್ರಿಮೆಂಟ್ ಬಂದ ತಿಂಗಳು ಕೈಗೆ ಬರುವ ದುಡ್ಡು ಎರಡು ಸಾವಿರದಷ್ಟು ಇಳಿಯುತ್ತದೆ. ಬಡ್ತಿಯ ಸಿಹಿ ಹಂಚಿ ಮರುತಿಂಗಳು ಸ್ಲಿಪ್ಪು ನೋಡಿ ಬೆಚ್ಚುವ ಪರಿಸ್ಥಿತಿ. ಮಿತಿಯ ಮೇಲಿನವರಿಗೆ ಮಿತಿಯಷ್ಟೇ ಬೇಸಿಕ್ ಹಿಡಿದು ಕೊಡುವ ಪದ್ಧತಿ ನ್ಯಾಯ ಎಂಬುದು ನನ್ನ ಅನಿಸಿಕೆ. 43,600 ದಾಟಿದವರು ತಮ್ಮ ಇಲಾಖೆಯ ಈಚಿನ ಸುತ್ತೋಲೆಯನ್ನೇ ನೋಡಿ ಮಾತಾಡಬೇಕು.

ಆದೇಶದಲ್ಲಿ ಇನ್ನೆರಡು ಷರತ್ತುಗಳಿವೆ. ರಾತ್ರಿಯ ತೂಕವನ್ನು ಆಗಲೇ ಲೆಕ್ಕಕ್ಕೆ ತೆಗೆದುಕೊಂಡು ಡ್ಯೂಟಿಯ ತಾಸುಗಳನ್ನೇ ಕಡಿಮೆ ಮಾಡಿದ ಕಡೆ ಮತ್ತೆ ಭತ್ಯೆ ಇಲ್ಲ. ರಾತ್ರಿ ಡ್ಯೂಟಿ ಅಗತ್ಯವಿತ್ತು ಎಂದು ಮೇಲ್ವಿಚಾರಕರು ಪ್ರಮಾಣಪತ್ರ ಕೊಡಬೇಕು. ಎಷ್ಟೋ ಬಿಲ್ಲುಗಳು ವಾಪಸು ಬರುವುದು ಲೆಕ್ಕ ತಪ್ಪಿ ಅಲ್ಲ, ಈ ಒಂದು ಸಹಿ ಇಲ್ಲದೆ.

ಖಾಸಗಿ ಕಾರ್ಖಾನೆ, ಐ.ಟಿ. ಕಂಪನಿಗಳ ಓದುಗರು ಇಷ್ಟು ಹೊತ್ತು ತಾಳ್ಮೆಯಿಂದ ಕೂತಿದ್ದಾರೆ. ಅವರಿಗೆ ಹೇಳಬೇಕಾದ ಮೊದಲ ಮಾತು ಸ್ವಲ್ಪ ಕಹಿ. ಕರ್ನಾಟಕದ ಖಾಸಗಿ ಸಂಸ್ಥೆ ತನ್ನ ಎಲ್ಲ ರಾತ್ರಿ ಪಾಳಿಯವರಿಗೆ ಇಂತಿಷ್ಟು ಭತ್ಯೆ ಕೊಡಲೇಬೇಕು ಎಂಬ ಸಾಮಾನ್ಯ ಕಾನೂನು ಇಲ್ಲ. ಓವರ್‌ಟೈಮಿಗೆ ದುಪ್ಪಟ್ಟು ದರದ ಕಾನೂನಿದೆ, ರಾತ್ರಿ ಎಂಬ ಕಾರಣಕ್ಕೆ ಇಲ್ಲ. ನಿಮ್ಮ ಹಕ್ಕು ಇರುವುದು ನೇಮಕಾತಿ ಪತ್ರದಲ್ಲಿ, ಯೂನಿಯನ್ ಜತೆಗಿನ ಒಪ್ಪಂದದಲ್ಲಿ ಅಥವಾ ಕಂಪನಿಯ ನಿಯಮಾವಳಿಯಲ್ಲಿ. ಅಲ್ಲಿ ರಾತ್ರಿ ಎಂದರೆ ಹತ್ತರಿಂದ ಆರು ಎಂದೇ ಇರಬೇಕಾಗಿಲ್ಲ, ಹನ್ನೊಂದರಿಂದ ಐದು ಎಂದೂ ಇರಬಹುದು. ಹೆಚ್ಚಿನ ಕಡೆ ತಾಸಿಗೆ ಇಷ್ಟು ಎನ್ನುವುದಕ್ಕಿಂತ ಪಾಳಿಗೆ ಇಷ್ಟು ಎಂಬ ನಿಗದಿ ಮೊತ್ತ ಇರುತ್ತದೆ, ಅದಕ್ಕೊಂದು ಕನಿಷ್ಠ ತಾಸಿನ ಷರತ್ತೂ ಇರುತ್ತದೆ.

ಸಂಜೆ ಆರರಿಂದ ನಸುಕಿನ ಎರಡರ ಪಾಳಿಯವರು ಸಿಕ್ಕಿಬೀಳುವುದು ಈ ಷರತ್ತಿನಲ್ಲಿ. ಹತ್ತರಿಂದ ಆರರ ನಡುವೆ ಕನಿಷ್ಠ ಮೂರು ತಾಸು ದುಡಿದರೆ ಪಾಳಿಗೆ ಇಂತಿಷ್ಟು ಎಂಬ ನಿಯಮ ಇದೆ ಎನ್ನಿ. ಇವರದು ನಾಲ್ಕು ತಾಸು, ಬರಲೇಬೇಕು. ಆದರೆ ಬೆರಳಚ್ಚಿನ ಯಂತ್ರದ ಹಿಂದಿನ ಸಾಫ್ಟ್‌ವೇರ್ ನಡುರಾತ್ರಿಗೆ ದಿನವನ್ನು ಕತ್ತರಿಸಿಬಿಡುತ್ತದೆ. ಸೋಮವಾರದ ಖಾತೆಗೆ ಹತ್ತರಿಂದ ಹನ್ನೆರಡರ ಎರಡು ತಾಸು, ಮಂಗಳವಾರದ ಖಾತೆಗೆ ಹನ್ನೆರಡರಿಂದ ಎರಡರ ಎರಡು ತಾಸು. ಯಾವ ದಿನವೂ ಮೂರು ಮುಟ್ಟಲಿಲ್ಲ. ತಿಂಗಳೆಲ್ಲ ದುಡಿದರೂ ನೈಟ್ ಸಂಖ್ಯೆ ಸೊನ್ನೆ. ಇದನ್ನು ಪತ್ತೆ ಮಾಡುವುದು ಸುಲಭ. ಹಾಜರಿಯ ಪ್ರಿಂಟ್ ತೆಗೆಸಿ ನೋಡಿ. ಒಂದೇ ಪಾಳಿಯ ಒಳಗೆ ಹೋದ ಸಮಯ ಒಂದು ತಾರೀಕಿನಲ್ಲಿ, ಹೊರಗೆ ಬಂದ ಸಮಯ ಮರುದಿನದ ಸಾಲಿನಲ್ಲಿ ಇದ್ದು, ಎರಡೂ ದಿನಕ್ಕೆ ‘ಅರ್ಧ ದಿನ’ ಅಥವಾ ‘ಪಂಚ್ ಇಲ್ಲ’ ಎಂಬ ಗುರುತು ಬಿದ್ದಿದ್ದರೆ ತಪ್ಪು ಇಲ್ಲೇ ಇದೆ ಎಂದು ತಿಳಿಯಿರಿ.

ಇಂಥ ಜಾಗದಲ್ಲಿ ಕಾರ್ಖಾನೆ ಕಾಯ್ದೆಯ ಒಂದು ಸಣ್ಣ ಕಲಮು ಕೈಹಿಡಿಯುತ್ತದೆ. 1948ರ ಕಾಯ್ದೆಯ 57ನೇ ಕಲಮಿನ ಪ್ರಕಾರ ಪಾಳಿ ನಡುರಾತ್ರಿ ದಾಟಿದರೆ, ದಾಟಿದ ನಂತರ ದುಡಿದ ತಾಸುಗಳನ್ನು ಹಿಂದಿನ ದಿನದ ಖಾತೆಗೇ ಸೇರಿಸಬೇಕು. ಕಾರ್ಮಿಕನ ‘ಮರುದಿನ’ ಶುರುವಾಗುವುದು ನಡುರಾತ್ರಿ 12ಕ್ಕೆ ಅಲ್ಲ, ಅವನ ಪಾಳಿ ಮುಗಿದಾಗ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲೂ ಇದೇ ನಿಯಮ ಮುಂದುವರಿದಿದೆ. ಈ ಕಲಮು ಇರುವುದು ದುಡಿಮೆಯ ತಾಸು ಮತ್ತು ವಾರದ ರಜೆಯ ಲೆಕ್ಕಕ್ಕೆ, ಭತ್ಯೆ ಕೊಡಿ ಎಂದು ಅದು ಹೇಳುವುದಿಲ್ಲ. ಆದರೂ ‘ಕಾನೂನಿನ ಲೆಕ್ಕದಲ್ಲೇ ನಮ್ಮ ಪಾಳಿ ಒಂದೇ ದಿನದ್ದು, ನಿಮ್ಮ ಯಂತ್ರ ಎರಡು ಮಾಡುವುದು ಏಕೆ’ ಎಂದು ಎಚ್.ಆರ್. ವಿಭಾಗವನ್ನು ಕೇಳಲು ಇದಕ್ಕಿಂತ ಗಟ್ಟಿ ಆಧಾರ ಬೇಡ. ಊಟದ ಅರ್ಧ ತಾಸನ್ನು ಕಳೆಯಬೇಕೇ ಎಂಬುದನ್ನೂ ಅದೇ ಹೊತ್ತಿಗೆ ಕೇಳಿಟ್ಟುಕೊಳ್ಳಿ. ಕೆಲವು ನಿಯಮಾವಳಿಗಳು ನಸುಕಿನ ಒಂದಕ್ಕೆ ಬಿಡುವ ಅರ್ಧ ತಾಸನ್ನು ರಾತ್ರಿಯ ಲೆಕ್ಕದಿಂದ ತೆಗೆಯುತ್ತವೆ, ಕೆಲವು ತೆಗೆಯುವುದಿಲ್ಲ.

ಕಂಪ್ಯೂಟರಿನಲ್ಲಿ ತಾವೇ ಲೆಕ್ಕ ಇಟ್ಟುಕೊಳ್ಳುವವರು ಈಗ ಹೆಚ್ಚು. ಎಕ್ಸೆಲ್ ಹಾಳೆಯಲ್ಲಿ A2 ಮನೆಗೆ ಹತ್ತಿದ ಸಮಯ, B2 ಮನೆಗೆ ಇಳಿದ ಸಮಯ ಬರೆದು, ಮೂರನೆಯ ಮನೆಗೆ ಕೆಳಗಿನ ಸೂತ್ರ ಹಾಕಿದರೆ ಹತ್ತರಿಂದ ಆರರ ನಡುವಿನ ತಾಸು ಸಿಗುತ್ತದೆ.

```
=24*(MAX(0,MIN(B2+(B2<A2),30/24)-MAX(A2,22/24))
 +MAX(0,MIN(B2+(B2<A2),6/24)-A2))
```

ಇದು ಮೇಲೆ ಹೇಳಿದ ಗುಮಾಸ್ತರ ದಾರಿಯೇ. ಇಳಿದ ಸಮಯ ಹತ್ತಿದ ಸಮಯಕ್ಕಿಂತ ಚಿಕ್ಕದಿದ್ದರೆ ಒಂದು ದಿನ ಕೂಡಿಸುತ್ತದೆ, ಬೆಳಿಗ್ಗೆ ಆರನ್ನು 30 ಎಂದು ಹಿಡಿಯುತ್ತದೆ. ಎರಡನೆಯ ಸಾಲು ನಡುರಾತ್ರಿಯ ನಂತರ ಶುರುವಾಗುವ ಪಾಳಿಗೆ. ಸೂತ್ರದ ಮನೆಯನ್ನು ಸಮಯದ ರೂಪದಲ್ಲಿ ಅಲ್ಲ, ಸಾದಾ ಸಂಖ್ಯೆಯ ರೂಪದಲ್ಲಿ ಇಡಬೇಕು. ಹಾಕಿದ ಮೇಲೆ 20:00 ಮತ್ತು 04:00 ಕೊಟ್ಟು 6 ಬರುತ್ತದೆಯೇ, 16:00 ಮತ್ತು 00:00 ಕೊಟ್ಟು 2 ಬರುತ್ತದೆಯೇ, 00:00 ಮತ್ತು 08:00 ಕೊಟ್ಟು ಮತ್ತೆ 6 ಬರುತ್ತದೆಯೇ ನೋಡಿಕೊಳ್ಳಿ. ನಿಮ್ಮ ಕಂಪನಿಯ ರಾತ್ರಿ ಹನ್ನೊಂದರಿಂದ ಐದರವರೆಗೆ ಆದರೆ 22ರ ಜಾಗದಲ್ಲಿ 23, 30ರ ಜಾಗದಲ್ಲಿ 29, 6ರ ಜಾಗದಲ್ಲಿ 5 ಬರೆಯಿರಿ. ಊಟದ ಬಿಡುವನ್ನು ಇದು ಕಳೆಯುವುದಿಲ್ಲ.

ಕೊನೆಯಲ್ಲಿ ಒಂದು ವಿನಂತಿ. ತಕರಾರು ತೆಗೆದುಕೊಂಡು ಹೋಗುವಾಗ ‘ನನಗೆ ನೈಟ್ ಕಡಿಮೆ ಬಂದಿದೆ’ ಎಂದು ಬಾಯಿಮಾತಿನಲ್ಲಿ ಹೇಳಬೇಡಿ. ತಾರೀಕು, ಹತ್ತಿದ ಸಮಯ, ಇಳಿದ ಸಮಯ, ಅದರಲ್ಲಿ ರಾತ್ರಿಯ ನಿಮಿಷ ಎಷ್ಟು ಎಂಬ ನಾಲ್ಕು ಕಾಲಂಗಳ ಒಂದು ಹಾಳೆ ಮಾಡಿ, ಆ ತಿಂಗಳ ಸ್ಲಿಪ್ಪು ಲಗತ್ತಿಸಿ, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ನನಗೆ ಬರೆಯುವವರೂ ದಯವಿಟ್ಟು ಇಷ್ಟನ್ನು ಜತೆಗಿಟ್ಟು ಬರೆಯಿರಿ. ಬೇಸಿಕ್ ಎಷ್ಟು ಎಂದು ಬರೆಯದೆ ‘ಎಷ್ಟು ಬರಬೇಕು ಹೇಳಿ’ ಎಂದು ಕೇಳುವ ಪತ್ರಗಳಿಗೆ ನಾನು ಉತ್ತರ ಕೊಡಲಾರೆ.